ಒಂದೇ ಆಟ, ಎರಡು ಆಸನ: ತಲೆಸುತ್ತು ತರಿಸದ ನೋಟದ ಕೋನವನ್ನು ಹುಡುಕಿದ ಬಗೆ

ಆ ಆಟದಲ್ಲಿ ಒಂದು ಕಲ್ಲಿನ ಗೋಪುರವಿದೆ. ಅದರೊಳಗಿನ ಸುರುಳಿ ಮೆಟ್ಟಿಲನ್ನು ಮೂರು ಸುತ್ತು ಹತ್ತಿದರೆ ಮೇಲಿನ ಕೋಣೆ ಸಿಗುತ್ತದೆ. ಮೊದಲ ದಿನ ನಾನು ಎರಡನೇ ಸುತ್ತು ಮುಗಿಸುವಷ್ಟರಲ್ಲಿ ಒಂದರ ಹಿಂದೊಂದು ಆಕಳಿಕೆ ಬರತೊಡಗಿತು, ಬಾಯಲ್ಲಿ ನೀರೂರಿತು, ಹಣೆ ತಣ್ಣಗೆ ಬೆವರಿತು. ಕೋಣೆ ತಲುಪಿದ ಮೇಲೆ ಕಣ್ಣು ಮುಚ್ಚಿ ಕುಳಿತರೂ ಹೊಟ್ಟೆಯೊಳಗಿನ ತೊಳಸು ನಿಲ್ಲಲಿಲ್ಲ. ಅದೇ ಆಟವನ್ನು ನನ್ನ ತಮ್ಮ ಸೋಫಾದಲ್ಲಿ ಒರಗಿಕೊಂಡು, ಟಿವಿಗೆ ಜೋಡಿಸಿದ ಕನ್ಸೋಲಿನಲ್ಲಿ ಗಂಟೆಗಟ್ಟಲೆ ಆಡುತ್ತಿದ್ದ. "ಅಕ್ಕ, ಅದೇ ಮೆಟ್ಟಿಲು ನಾನೂ ಹತ್ತಿದ್ದೇನಲ್ಲ, ತಲೆ ತಿರುಗುವಂಥದ್ದು ಅಲ್ಲೇನಿದೆ?" ಎಂದು ಅವನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇಬ್ಬರೂ ಆಟದ ಸೆಟ್ಟಿಂಗುಗಳನ್ನು ಮುಟ್ಟಿರಲಿಲ್ಲ. ಎರಡೂ ಕಡೆ ನೋಟದ ಕೋನ, ಅಂದರೆ ಎಫ್‌ಒವಿ, 60 ಎಂದೇ ಇತ್ತು, ಮೋಷನ್ ಬ್ಲರ್ ಆನ್ ಆಗಿತ್ತು. ವ್ಯತ್ಯಾಸವಿದ್ದದ್ದು ನಾವು ಕುಳಿತ ಜಾಗದಲ್ಲಿ ಮತ್ತು ನಮ್ಮ ಯಂತ್ರಗಳು ಸೆಕೆಂಡಿಗೆ ಬಿಡಿಸುತ್ತಿದ್ದ ಫ್ರೇಮುಗಳ ಸಂಖ್ಯೆಯಲ್ಲಿ. ಆ ಎರಡು ವ್ಯತ್ಯಾಸಗಳನ್ನು ಹಿಡಿದು ಹೋದದ್ದರಿಂದಲೇ ನನಗೆ ಸರಿಹೊಂದುವ ಸಂಖ್ಯೆ ಸಿಕ್ಕಿತು.

ಈ ತಲೆಸುತ್ತಿಗೆ ಸಾಮಾನ್ಯವಾಗಿ ಕೊಡುವ ಕಾರಣ ಬಹುಮಂದಿಗೆ ಗೊತ್ತಿರುವಂಥದ್ದೇ: ನಾವು ತಿರುಗುತ್ತಿದ್ದೇವೆ ಎಂದು ಕಣ್ಣು ಹೇಳುತ್ತದೆ, ಅಲುಗಾಡದೆ ಕುಳಿತಿದ್ದೇವೆ ಎಂದು ಒಳಕಿವಿ ಹೇಳುತ್ತದೆ, ಎರಡು ಸುದ್ದಿಗಳು ಹೊಂದುವುದಿಲ್ಲ. ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1970ರ ದಶಕದಲ್ಲಿ ಪ್ರಯಾಣದ ವಾಕರಿಕೆಯನ್ನು ವಿವರಿಸಿದ್ದು ಈ ದಾರಿಯಲ್ಲೇ. ಆದರೆ ಈ ವಿವರಣೆ ಅಲ್ಲಿಗೇ ನಿಂತರೆ ಆಟಗಾರನಿಗೆ ಪ್ರಯೋಜನವಿಲ್ಲ, ಏಕೆಂದರೆ ಒಳಕಿವಿ ಹೇಳುವುದನ್ನು ನಾವು ಬದಲಿಸಲಾರೆವು. ಬದಲಿಸಬಹುದಾದದ್ದು ಕಣ್ಣಿನ ಸುದ್ದಿಯ ಪ್ರಮಾಣವನ್ನು ಮಾತ್ರ. ಪಾತ್ರವು ಹತ್ತು ಡಿಗ್ರಿ ತಿರುಗಿದಾಗ ಚಿತ್ರವು ನಮ್ಮ ಕಣ್ಣಿನ ಮುಂದೆ ಎಷ್ಟು ಸರಿಯುತ್ತದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ, ಮತ್ತು ಅದನ್ನು ಅಳೆಯಬಹುದು.

ಅಳೆಯುವ ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಎಲ್ಲ ಆಟಗಳೂ ಎಫ್‌ಒವಿ ಎಂಬ ಹೆಸರಿನಡಿ ಒಂದೇ ಸಂಗತಿಯನ್ನು ತೋರಿಸುವುದಿಲ್ಲ. ಕೆಲವು ಆಟಗಳು ಎಡದಿಂದ ಬಲಕ್ಕಿರುವ ಕೋನವನ್ನು ಹೇಳುತ್ತವೆ, ಕೆಲವು ಮೇಲಿನಿಂದ ಕೆಳಕ್ಕಿರುವ ಕೋನವನ್ನು ಹೇಳುತ್ತವೆ. ಮೈನ್‌ಕ್ರಾಫ್ಟ್‌ನಲ್ಲಿ ಮೊದಲೇ ಇರುವ 70 ಎಂಬುದು ಲಂಬ ಕೋನ. 16:9 ಪರದೆಯಲ್ಲಿ ಅದರ ಅಡ್ಡ ಕೋನ ಸುಮಾರು 102 ಡಿಗ್ರಿ ಆಗುತ್ತದೆ. ಇನ್ನು ಹಾಫ್-ಲೈಫ್ 2 ಮುಂತಾದ ಸೋರ್ಸ್ ಎಂಜಿನ್ನಿನ ಆಟಗಳಲ್ಲಿ ಬರೆಯುವ 90 ಹಳೆಯ 4:3 ಪರದೆಯ ಲೆಕ್ಕದ್ದು. ಇಂದಿನ ಅಗಲ ಪರದೆಯಲ್ಲಿ ಅದು 106 ಡಿಗ್ರಿಯಷ್ಟಾಗುತ್ತದೆ. ಹೀಗಾಗಿ "ನನಗೆ 90 ಹೊಂದುತ್ತದೆ" ಎಂದು ಒಂದು ಆಟದಲ್ಲಿ ಕಂಡುಕೊಂಡವರು ಅದೇ ಸಂಖ್ಯೆಯನ್ನು ಇನ್ನೊಂದರಲ್ಲಿ ಹಾಕಿ ಮೋಸಹೋಗುತ್ತಾರೆ.

ಇದಕ್ಕೆ ಯಾವ ಆಟದಲ್ಲಾದರೂ ನಡೆಯುವ ಒಂದು ಪರೀಕ್ಷೆಯಿದೆ, ನಾನು ಈಗ ಹೊಸ ಆಟ ತೆರೆದಾಗ ಮೊದಲು ಮಾಡುವುದು ಇದನ್ನೇ. ಪಾತ್ರವನ್ನು ಬಯಲಿನಲ್ಲಿ ನಿಲ್ಲಿಸಿ ನೋಟವನ್ನು ನೇರ ದಿಗಂತಕ್ಕೆ ಇಡಬೇಕು. ದೂರದ ಒಂದು ಕಂಬವೋ ಮರವೋ ಪರದೆಯ ಬಲ ಅಂಚಿಗೆ ತಾಗುವಂತೆ ನಿಂತು, ಅದು ಎಡ ಅಂಚು ಮುಟ್ಟುವವರೆಗೆ ಬಲಕ್ಕೆ ತಿರುಗಬೇಕು. ಆಗ ಬಲ ಅಂಚಿನಲ್ಲಿ ಯಾವ ವಸ್ತು ಬಂದಿದೆಯೋ ಅದನ್ನು ಹಿಡಿದು ಮತ್ತೆ ಹಾಗೆಯೇ ತಿರುಗಬೇಕು. ಪೂರ್ತಿ ಒಂದು ಸುತ್ತು ಮುಗಿಯಲು ಇಂಥ ಆರು ತಿರುವು ಬೇಕಾದರೆ ಅಡ್ಡ ಕೋನ 60, ನಾಲ್ಕು ಸಾಕಾದರೆ 90, ಮೂರೂವರೆ ಆದರೆ 103ರ ಹತ್ತಿರ. ನೋಟ ಮೇಲಕ್ಕೋ ಕೆಳಕ್ಕೋ ವಾಲಿದ್ದರೆ ಲೆಕ್ಕ ತಪ್ಪುತ್ತದೆ, ಅಷ್ಟು ಎಚ್ಚರವಿದ್ದರೆ ಸಾಕು. ಗೋಪುರದ ಆಟದಲ್ಲಿ ಆರು ತಿರುವು ಬಂದವು. ಅಂದರೆ ಅಲ್ಲಿನ 60 ನಿಜಕ್ಕೂ ಅಡ್ಡ ಕೋನವೇ. ಈ ಬರಹದಲ್ಲಿ ಮುಂದೆ ಬರುವ ಸಂಖ್ಯೆಗಳೆಲ್ಲ 16:9 ಪರದೆಯ ಅಡ್ಡ ಕೋನಗಳು.

ಈಗ ಆಸನದ ಮಾತು. ಕುಳಿತ ಜಾಗದಿಂದ ಪರದೆ ನಮ್ಮ ಕಣ್ಣಿನಲ್ಲಿ ಎಷ್ಟು ಡಿಗ್ರಿ ಆಕ್ರಮಿಸುತ್ತದೆ ಎಂಬುದನ್ನು ಅಳತೆಪಟ್ಟಿ ಮತ್ತು ಕ್ಯಾಲ್ಕುಲೇಟರ್ ಇದ್ದರೆ ಯಾರಾದರೂ ಕಂಡುಹಿಡಿಯಬಹುದು.

```
2 × atan( ಪರದೆಯ ಅಗಲ ÷ (2 × ಕಣ್ಣಿನಿಂದ ದೂರ) )
```

ನನ್ನದು 24 ಇಂಚಿನ ಮಾನಿಟರ್, ಅಗಲ 53 ಸೆಂ.ಮೀ., ನಾನು ಕುಳಿತುಕೊಳ್ಳುವುದು 60 ಸೆಂ.ಮೀ. ದೂರದಲ್ಲಿ. ಅದು ನನ್ನ ಕಣ್ಣಿನಲ್ಲಿ ಸುಮಾರು 48 ಡಿಗ್ರಿ ಜಾಗ ಹಿಡಿಯುತ್ತದೆ. ತಮ್ಮನ 55 ಇಂಚಿನ ಟಿವಿ ನೋಡಲು ಎಷ್ಟೋ ದೊಡ್ಡದಾದರೂ ಎರಡೂವರೆ ಮೀಟರ್ ದೂರದಲ್ಲಿರುವುದರಿಂದ ಅವನ ಕಣ್ಣಿನಲ್ಲಿ ಹಿಡಿಯುವುದು 27 ಡಿಗ್ರಿ ಮಾತ್ರ. 60 ಡಿಗ್ರಿಯ ಆಟದ ಜಗತ್ತನ್ನು ಅವನು 27 ಡಿಗ್ರಿಯ ಕಿಟಕಿಯಲ್ಲಿ ನೋಡುತ್ತಾನೆ, ನಾನು 48 ಡಿಗ್ರಿಯ ಕಿಟಕಿಯಲ್ಲಿ. ಪಾತ್ರ ಹತ್ತು ಡಿಗ್ರಿ ತಿರುಗಿದಾಗ ಪರದೆಯ ನಡುಭಾಗದ ಚಿತ್ರ ಅವನ ಕಣ್ಣಿನ ಮುಂದೆ 4 ಡಿಗ್ರಿಯಷ್ಟು ಸರಿದರೆ ನನ್ನ ಮುಂದೆ ಏಳೂವರೆ ಡಿಗ್ರಿಗೂ ಹೆಚ್ಚು ಸರಿಯುತ್ತದೆ. ನಡೆಯುವಾಗ ಕ್ಯಾಮೆರಾ ಮೇಲೆ ಕೆಳಗೆ ಕುಲುಕುವುದೂ ಇದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಒಂದೇ ಮೆಟ್ಟಿಲನ್ನು ಹತ್ತಿದೆವು ಎಂದು ಅವನು ಹೇಳಿದ್ದು ನಿಜವಾದರೂ ನನ್ನ ಕಣ್ಣಿಗೆ ಬಿದ್ದ ಚಲನೆ ಅವನದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಒಂದು ಸಂಶಯವನ್ನು ಹೇಳಲೇಬೇಕು. ಕಿಟಕಿ 48 ಡಿಗ್ರಿಯದಾದರೆ ಆಟದ ಕೋನವನ್ನೂ 48ಕ್ಕೆ ಇಳಿಸುವುದೇ ಸರಿಯಲ್ಲವೇ, ಆಗ ಅಳತೆಗಳು ನಿಜ ಜಗತ್ತಿನಂತೆಯೇ ಹೊಂದುತ್ತವಲ್ಲ? ಚಿತ್ರ ನಿಶ್ಚಲವಾಗಿದ್ದಾಗ ಈ ವಾದ ಸರಿ. ಆದರೆ ನಿಜ ಜಗತ್ತಿನಲ್ಲಿ ತಲೆ ತಿರುಗಿಸಿದರೆ ಒಳಕಿವಿಯ ಸೂಚನೆಯಂತೆ ಕಣ್ಣುಗುಡ್ಡೆಗಳು ಎದುರು ದಿಕ್ಕಿಗೆ ಸರಿದು ದೃಶ್ಯವನ್ನು ಸ್ಥಿರವಾಗಿ ಹಿಡಿಯುತ್ತವೆ. ಮೌಸ್ ಸರಿಸಿದಾಗ ತಲೆ ಅಲುಗುವುದೇ ಇಲ್ಲ, ಆದ್ದರಿಂದ ಆ ಸಹಾಯವೂ ಸಿಗುವುದಿಲ್ಲ. ದೃಶ್ಯವೆಲ್ಲ ಕಣ್ಣಿನ ಮೇಲೆ ಹಾಗೆಯೇ ಹರಿದುಹೋಗುತ್ತದೆ. ಮೇಜಿನ ಮುಂದೆ ಕುಳಿತವರಿಗೆ ಅಳತೆಯ ನಿಖರತೆಗಿಂತ ಈ ಹರಿವು ಕಡಿಮೆಯಾಗುವುದು ಮುಖ್ಯ. ತಲೆಗೆ ತೊಡುವ ವಿಆರ್ ಕನ್ನಡಕದ ವಿಷಯ ಬೇರೆ. ಅಲ್ಲಿ ತಲೆಯೇ ತಿರುಗುವುದರಿಂದ ಆಟದ ಕೋನವೂ ಕನ್ನಡಕದ ಕೋನವೂ ಒಂದೇ ಆಗಿರಲೇಬೇಕು, ಅದನ್ನು ಆಟಗಾರ ಹಿಗ್ಗಿಸುವಂತಿಲ್ಲ.

ಹಾಗಾದರೆ ಸ್ಲೈಡರನ್ನು ಕೊನೆಯವರೆಗೆ ಎಳೆದುಬಿಡಬಹುದೇ? ನಾನು ಮೊದಲು ಮಾಡಿದ ತಪ್ಪು ಅದೇ. 120ಕ್ಕೆ ಏರಿಸಿ ಆಡಿದ ದಿನ ನಡುಭಾಗ ಶಾಂತವಾಗಿತ್ತು, ಆದರೆ ಅಂಚುಗಳು ನೀರಿನಲ್ಲಿ ತೇಲಿದಂತೆ ಅಲ್ಲಾಡಿ, ಬೇರೆಯದೇ ಬಗೆಯ ತಲೆಸುತ್ತು ಬಂದಿತು. ಗೋಪುರದ ಬಾಗಿಲ ಬಳಿ ಒಂದು ದುಂಡನೆಯ ಲಾಟೀನು ತೂಗುತ್ತದೆ. ಅದನ್ನು ಪರದೆಯ ನಡುವೆ ಇಟ್ಟು ನಿಧಾನವಾಗಿ ತಿರುಗಿದೆ. ಅಂಚಿನ ಕಡೆ ಸರಿದಂತೆ ಅದು ಮೊಟ್ಟೆಯ ಆಕಾರಕ್ಕೆ ಬಂದು, ಕೊನೆಯಲ್ಲಿ ಮಲಗಿದ ಸೋರೆಕಾಯಿಯಂತೆ ಉದ್ದವಾಗಿ, ವೇಗ ಹೆಚ್ಚಿಸಿಕೊಂಡು ಪರದೆಯಿಂದ ಜಾರಿಹೋಯಿತು. ಮರಳಿ ತಿರುಗಿದರೆ ಹಿಗ್ಗಿದ್ದ ಲಾಟೀನು ಕುಗ್ಗುತ್ತ ಒಳಬಂದು ಮತ್ತೆ ದುಂಡಾಯಿತು. ಚಪ್ಪಟೆ ಪರದೆಯ ಮೇಲೆ ಅಗಲ ಕೋನವನ್ನು ಹರಡಿದಾಗ ಅಂಚುಗಳು ಹಿಗ್ಗದೆ ಬೇರೆ ದಾರಿಯಿಲ್ಲ. ನಡುಭಾಗಕ್ಕೆ ಹೋಲಿಸಿದರೆ ಅಂಚಿನ ಅಡ್ಡ ಹಿಗ್ಗುವಿಕೆ 90ರಲ್ಲಿ ಎರಡು ಪಟ್ಟು, 120ರಲ್ಲಿ ನಾಲ್ಕು ಪಟ್ಟು.

ಈ ಹಿಗ್ಗುವಿಕೆಯನ್ನು ಚಲನೆಯ ಲೆಕ್ಕಕ್ಕೆ ತಂದಾಗ ಒಂದು ಸುಂದರವಾದ ಸಂಗತಿ ಹೊರಬಂತು. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಪಾತ್ರ ಒಂದು ಡಿಗ್ರಿ ತಿರುಗಿದಾಗ, ಕೋನ 60 ಇದ್ದರೆ ನಡುಭಾಗ 29 ಪಿಕ್ಸೆಲ್ ಸರಿಯುತ್ತದೆ, ಅಂಚು ಸುಮಾರು 39 ಪಿಕ್ಸೆಲ್. ಕೋನ 90 ಆದರೆ ನಡುಭಾಗ 17ಕ್ಕೆ ಇಳಿಯುತ್ತದೆ, ಅಂಚು 34ಕ್ಕೆ ಇಳಿಯುತ್ತದೆ. ಇನ್ನೂ ಹಿಗ್ಗಿಸಿ 120 ಮಾಡಿದರೆ ನಡುಭಾಗ 10ಕ್ಕೆ ಇಳಿದರೂ ಅಂಚು ಮತ್ತೆ 39ಕ್ಕೇ ಏರುತ್ತದೆ. ಅಂಚಿನ ವೇಗದ ಮಟ್ಟಿಗೆ 60 ಮತ್ತು 120 ಒಂದೇ! ಅದು ಅತಿ ಕಡಿಮೆಯಾಗುವುದು ಸರಿಯಾಗಿ 90ರಲ್ಲಿ. 90ರಿಂದ 103ರವರೆಗೆ ಅಂಚಿನ ವೇಗ ಬಹುತೇಕ ಬದಲಾಗುವುದಿಲ್ಲ, ನಡುಭಾಗ ಮಾತ್ರ ಇನ್ನಷ್ಟು ಶಾಂತವಾಗುತ್ತದೆ. ಅದರಾಚೆ ಅಂಚು ಮತ್ತು ನಡುವಿನ ವೇಗಗಳ ಅಂತರ ಎದ್ದು ಕಾಣತೊಡಗುತ್ತದೆ. ನಾವೇ ಚಲಿಸುತ್ತಿದ್ದೇವೆ ಎಂಬ ಭ್ರಮೆಯನ್ನು ಹುಟ್ಟಿಸುವುದರಲ್ಲಿ ನೋಟದ ಅಂಚಿನ ಪಾಲು ದೊಡ್ಡದು ಎಂಬುದನ್ನು ನೆನೆದರೆ, ಮೇಜಿನ ಮುಂದೆ ಆಡುವವರಲ್ಲಿ ಅನೇಕರು ಯಾವ ಲೆಕ್ಕವನ್ನೂ ಮಾಡದೆ 90ರಿಂದ 100ರ ಸುತ್ತ ಏಕೆ ನಿಲ್ಲುತ್ತಾರೆ ಎಂಬುದು ಅರ್ಥವಾಗುತ್ತದೆ. ಇನ್ನೊಂದು ಕಾಕತಾಳೀಯವನ್ನೂ ಗಮನಿಸಿದೆ. ತಮ್ಮನ ಸೋಫಾದ 60 ಡಿಗ್ರಿ ಅವನ ಕಣ್ಣಿಗೆ ಕೊಡುತ್ತಿದ್ದ ಶಾಂತಿಯನ್ನು ನನ್ನ ಮೇಜಿನಲ್ಲಿ ಪಡೆಯಲು ಬೇಕಾಗುವ ಕೋನ 93. ಎರಡು ಬೇರೆ ದಾರಿಯ ಲೆಕ್ಕಗಳು ಒಂದೇ ಜಾಗಕ್ಕೆ ಬಂದು ನಿಂತವು.

ಲೆಕ್ಕ ಏನೇ ಹೇಳಲಿ, ದೇಹವನ್ನು ಕೇಳದೆ ತೀರ್ಮಾನಿಸುವಂತಿಲ್ಲ. ನಾನು ದಿನಕ್ಕೆ ಒಂದೇ ಸಲ, ಹೊಟ್ಟೆ ಹಗುರವಿದ್ದಾಗ, ಬಾಗಿಲಿನಿಂದ ಮೇಲಿನ ಕೋಣೆಗೆ ಹೋಗಿ ಮರಳುವ ಅದೇ ದಾರಿಯನ್ನು ಇಪ್ಪತ್ತು ನಿಮಿಷ ನಡೆದೆ. ಐದು ನಿಮಿಷಕ್ಕೊಮ್ಮೆ ತೊಳಸಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಟ್ಟೆ. ದಿನಕ್ಕೆ ಒಂದೇ ಬದಲಾವಣೆ. ಒಂದೇ ದಿನ ಎರಡು ಸಲ ಪರೀಕ್ಷಿಸಿದರೆ ಮೊದಲ ಸಲದ ತೊಳಸು ಎರಡನೆಯದರ ಅಂಕವನ್ನು ಕೆಡಿಸುತ್ತದೆ. ಒಮ್ಮೆ ಕೆದಕಿದ ಹೊಟ್ಟೆ ಗಂಟೆಗಳ ನಂತರವೂ ಸಣ್ಣ ಕುಲುಕಿಗೆ ಏಳುವುದನ್ನು ನಾನು ಕಂಡಿದ್ದೇನೆ. ಅಂಕ 4 ಮುಟ್ಟಿದರೆ ಅಲ್ಲಿಗೇ ನಿಲ್ಲಿಸುವುದು ನಿಯಮವಾಗಿತ್ತು, ಏಕೆಂದರೆ ಸಹಿಸಿಕೊಂಡು ಮುಂದುವರಿಯುವುದರಿಂದ ತಿಳಿಯುವಂಥದ್ದು ಏನೂ ಇಲ್ಲ. 60ರಲ್ಲಿ ಹತ್ತು ನಿಮಿಷಕ್ಕೆ 4 ಬಂತು. 80ರಲ್ಲಿ ಇಪ್ಪತ್ತು ನಿಮಿಷಕ್ಕೆ 4. 95ರಲ್ಲಿ ಕೊನೆಯವರೆಗೂ 2ರಲ್ಲಿ ನಿಂತಿತು. 110ರಲ್ಲಿ ಮತ್ತೆ 3, ಜೊತೆಗೆ ಕಣ್ಣಿನ ಹಿಂದೆ ಸಣ್ಣ ನೋವು. ಇದು ನನ್ನೊಬ್ಬಳ ದೇಹದ ಲೆಕ್ಕ; ಬೇರೆಯವರ ಅಂಕಗಳು ಬೇರೆ ಇರುತ್ತವೆ, ಪರೀಕ್ಷೆಯ ವಿಧಾನ ಮಾತ್ರ ಎಲ್ಲರಿಗೂ ಸಲ್ಲುತ್ತದೆ.

ಕೋನ ಹಿಗ್ಗಿಸುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ದೂರದ ವಸ್ತುಗಳು ಚಿಕ್ಕದಾಗುತ್ತವೆ. ಒಂದೇ ಫ್ರೇಮಿನಲ್ಲಿ ಹೆಚ್ಚು ವಸ್ತುಗಳನ್ನು ಬಿಡಿಸಬೇಕಾಗಿ ಬರುವುದರಿಂದ ಫ್ರೇಮುಗಳ ಸಂಖ್ಯೆ ಇಳಿಯಬಹುದು, ಮತ್ತು ಹಾಗೆ ಇಳಿದರೆ ಬಂದ ಲಾಭವೆಲ್ಲ ಹೋಗುತ್ತದೆ. ನನ್ನ ಯಂತ್ರ 95ರಲ್ಲಿ 60 ಫ್ರೇಮಿಗಿಂತ ಕೆಳಗಿಳಿದಾಗ ನಾನು ನೆರಳಿನ ಗುಣಮಟ್ಟವನ್ನು ಕಡಿಮೆ ಮಾಡಿದೆನೇ ಹೊರತು ಕೋನವನ್ನು ಮುಟ್ಟಲಿಲ್ಲ. ಎಫ್‌ಒವಿ ಸ್ಲೈಡರೇ ಇಲ್ಲದ ಆಟಗಳಲ್ಲಿ ಕುರ್ಚಿಯನ್ನು ಹಿಂದೆ ಸರಿಸುವುದು ಉಳಿದ ದಾರಿ. 60 ಸೆಂ.ಮೀ. ಬದಲು 90 ಸೆಂ.ಮೀ. ದೂರ ಕುಳಿತರೆ ನನ್ನ ಪರದೆ 33 ಡಿಗ್ರಿಗೆ ಇಳಿಯುತ್ತದೆ, ಹತ್ತು ಡಿಗ್ರಿಯ ತಿರುವು ಕಣ್ಣಿಗೆ 5 ಡಿಗ್ರಿಯಾಗಿ ಕಾಣುತ್ತದೆ.

ಉಳಿದ ಆ 2 ಅಂಕ ನನ್ನನ್ನು ಮೋಷನ್ ಬ್ಲರ್ ಕಡೆಗೆ ಕರೆದೊಯ್ದಿತು. ಈ ಹೆಸರಿನಡಿ ಎರಡು ಬೇರೆ ಕೆಲಸಗಳಿವೆ. ಓಡುವ ಪ್ರಾಣಿಯನ್ನೋ ಬೀಸುವ ಕತ್ತಿಯನ್ನೋ ಮಾತ್ರ ಮಸುಕುಗೊಳಿಸುವುದು ಒಂದು, ನಾವು ತಿರುಗಿದಾಗ ಇಡೀ ದೃಶ್ಯವನ್ನೇ ಮಸುಕುಗೊಳಿಸುವುದು ಇನ್ನೊಂದು. ಮೊದಲನೆಯದು ನನಗೆ ತೊಂದರೆ ಕೊಟ್ಟಿಲ್ಲ. ಎರಡನೆಯದರ ತೊಂದರೆಯ ಮೂಲ ಅದರ ಊಹೆಯಲ್ಲಿದೆ: ಆಟಗಾರನ ಕಣ್ಣು ಪರದೆಯ ಒಂದೇ ಬಿಂದುವಿನಲ್ಲಿ ನೆಟ್ಟಿದೆ ಎಂದು ಅದು ಭಾವಿಸುತ್ತದೆ. ಆದರೆ ತಿರುಗುವಾಗ ನಾವು ಬಾಗಿಲನ್ನೋ ಮೆಟ್ಟಿಲ ಅಂಚನ್ನೋ ಕಣ್ಣಿನಿಂದ ಹಿಂಬಾಲಿಸುತ್ತೇವೆ. ಹಿಂಬಾಲಿಸಿದ ವಸ್ತು ಸ್ಪಷ್ಟವಾಗಿ ಕಾಣಬೇಕೆಂದು ಕಣ್ಣು ಬಯಸುವ ಹೊತ್ತಿಗೆ ಆಟ ಅದನ್ನು ಬಳಿದುಹಾಕಿರುತ್ತದೆ. ಹಿಡಿದುಕೊಳ್ಳಲು ಸ್ಥಿರವಾದದ್ದು ಏನೂ ಸಿಗದೆ ಕಣ್ಣು ದಣಿಯುತ್ತದೆ.

ಅದನ್ನು ಆಫ್ ಮಾಡಿದ ಮೇಲೂ ಚಿತ್ರ ಮಸುಕಾಗಿ ಕಂಡರೆ ದೋಷ ಎಲ್ಲಿದೆ ಎಂದು ತಿಳಿಯಲು ತಿರುಗುತ್ತಿರುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆಯಬೇಕು. ಸ್ಕ್ರೀನ್‌ಶಾಟಿನಲ್ಲೂ ಮಸುಕಿದ್ದರೆ ಅದು ಆಟದ ಕೆಲಸ. ಬ್ಲರ್ ಪೂರ್ತಿ ಹೋಗಿಲ್ಲ, ಇಲ್ಲವೇ ಹಿಂದಿನ ಫ್ರೇಮುಗಳನ್ನು ಬೆರೆಸುವ ಟಿಎಎ ಎಂಬ ಅಂಚು ನಯಗೊಳಿಸುವ ವಿಧಾನ ನೆರಳು ಬಿಡುತ್ತಿದೆ. ಸ್ಕ್ರೀನ್‌ಶಾಟ್ ಸ್ಪಷ್ಟವಾಗಿದ್ದರೆ ಮಸುಕು ಹುಟ್ಟುತ್ತಿರುವುದು ಪರದೆಯಲ್ಲಿ. ಸಾಮಾನ್ಯ ಎಲ್‌ಸಿಡಿ ಪರದೆ ಪ್ರತಿ ಫ್ರೇಮನ್ನೂ ಮುಂದಿನದು ಬರುವವರೆಗೆ ಹಾಗೆಯೇ ಹಿಡಿದಿರುತ್ತದೆ. 60 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 960 ಪಿಕ್ಸೆಲ್ ಚಲಿಸುವ ವಸ್ತು ಅದನ್ನು ಹಿಂಬಾಲಿಸುವ ಕಣ್ಣಿಗೆ 16 ಪಿಕ್ಸೆಲ್ ಅಗಲ ಮಸುಕಾಗಿ ಕಾಣುತ್ತದೆ. 120 ಹರ್ಟ್ಸ್‌ನಲ್ಲಿ ಅಷ್ಟೇ ಫ್ರೇಮುಗಳೂ ಬಂದರೆ ಅದು 8ಕ್ಕೆ ಇಳಿಯುತ್ತದೆ. ಇದನ್ನು ಆಟದ ಯಾವ ಆಯ್ಕೆಯೂ ಸರಿಪಡಿಸಲಾರದು. ಇನ್ನು ಮೆನುವಿನಲ್ಲಿ ಬ್ಲರ್ ಆಯ್ಕೆಯೇ ಇಲ್ಲದ, ಅನ್‌ರಿಯಲ್ ಎಂಜಿನ್ ಬಳಸುವ ಆಟಗಳಲ್ಲಿ ಹಲವಕ್ಕೆ `Engine.ini` ಕಡತದ ಕೊನೆಯಲ್ಲಿ ಈ ಎರಡು ಸಾಲು ಸೇರಿಸಿದರೆ ಕೆಲಸವಾಗುತ್ತದೆ. ಆದರೆ ಆನ್‌ಲೈನ್ ಸ್ಪರ್ಧೆಯ ಆಟವಾದರೆ ಕಡತ ತಿದ್ದಲು ಅನುಮತಿಯಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

```
[SystemSettings]
r.MotionBlurQuality=0
```

ನನಗೆ ಬ್ಲರ್ ತೆಗೆದ ದಿನ ಅಂಕ 1ಕ್ಕೆ ಇಳಿಯಿತು. ಉತ್ಸಾಹದಲ್ಲಿ ತಮ್ಮನಿಗೂ ತೆಗೆಯಲು ಹೇಳಿದೆ, ಅವನು ತೆಗೆದ, ಮತ್ತು ಮೊದಲ ಬಾರಿಗೆ ಅವನಿಗೂ ತಲೆ ನೋಯಿತು. "ನಿನ್ನ ಮಾತು ಕೇಳಿ ಕೆಟ್ಟೆ ಅಕ್ಕ, ಗೋಡೆಯೆಲ್ಲ ಕಟಕಟನೆ ಹಾರುತ್ತಿದೆ" ಎಂದ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವನ ಕನ್ಸೋಲ್ ಆ ಆಟವನ್ನು ಸೆಕೆಂಡಿಗೆ 30 ಫ್ರೇಮಿನಲ್ಲಿ ನಡೆಸುತ್ತದೆ. ಸೆಕೆಂಡಿಗೆ 90 ಡಿಗ್ರಿ ವೇಗದಲ್ಲಿ ತಿರುಗಿದರೆ ಪ್ರತಿ ಫ್ರೇಮಿಗೂ 3 ಡಿಗ್ರಿ; ಅವನ 60ರ ಕೋನದಲ್ಲಿ ಅದು 87 ಪಿಕ್ಸೆಲ್‌ನ ಒಂದೊಂದು ನೆಗೆತ. ನನ್ನ 60 ಫ್ರೇಮು ಮತ್ತು 95ರ ಕೋನದಲ್ಲಿ ಅದೇ ತಿರುವಿನ ನೆಗೆತ 23 ಪಿಕ್ಸೆಲ್ ಮಾತ್ರ. ಬ್ಲರ್ ಇದ್ದಾಗ ಆ ದೊಡ್ಡ ನೆಗೆತಗಳ ನಡುವಿನ ತೆರಪು ಬಳಿದುಹೋಗಿ ಚಲನೆ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿತ್ತು. ತೆಗೆದೊಡನೆ ಕಡಿಕಡಿಯಾಗಿ ಕಂಡಿತು. ಆದ್ದರಿಂದ ಬ್ಲರ್ ತೆಗೆಯಬೇಕೆಂಬ ಸಲಹೆ 60 ಫ್ರೇಮು ಸ್ಥಿರವಾಗಿ ಬರುವವರಿಗೆ ಸಲ್ಲುವಷ್ಟು ಖಚಿತವಾಗಿ 30 ಫ್ರೇಮಿನವರಿಗೆ ಸಲ್ಲುವುದಿಲ್ಲ. ತಮ್ಮ ಅದನ್ನು ಮತ್ತೆ ಆನ್ ಮಾಡಿ, ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಕಂಟ್ರೋಲರಿನ ತಿರುಗುವ ವೇಗವನ್ನೂ ಸ್ವಲ್ಪ ತಗ್ಗಿಸಿದ. ಅವನಿಗೆ ಅದು ಹಿಡಿಸಿತು.

ಆರಿಸಿಕೊಂಡ ಕೋನವನ್ನು ಆಟ ತಾನೇ ಬದಲಿಸುವ ಸಂದರ್ಭಗಳನ್ನು ಮಾತ್ರ ಕೊನೆಗೊಮ್ಮೆ ನೋಡಬೇಕು. ಓಡುವಾಗ ವೇಗದ ಅನುಭವ ಕೊಡಲು ಕೋನ ಹಿಗ್ಗುತ್ತದೆ, ಗುರಿಯಿಡುವಾಗ ಒಮ್ಮೆಲೇ ಕುಗ್ಗುತ್ತದೆ. ನಾವು ಅಲುಗದೆ ಇದ್ದಾಗ ಜಗತ್ತು ಉಸಿರಾಡಿದಂತೆ ಹಿಗ್ಗಿ ಕುಗ್ಗುವುದು ಕೆಲವರಿಗೆ ತಿರುವಿಗಿಂತ ಹೆಚ್ಚು ತೊಳಸು ತರುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿ ಇದಕ್ಕೆ `FOV Effects` ಎಂಬ ಬೇರೆಯ ಸ್ಲೈಡರ್ ಇದೆ, ನಡಿಗೆಯ ಕುಲುಕಿಗೆ `View Bobbing` ಇದೆ. ಗೋಪುರದ ಆಟದಲ್ಲಿ ಕುಲುಕು ನಿಲ್ಲಿಸುವ ಆಯ್ಕೆ ಇತ್ತು, ಓಟದ ಹಿಗ್ಗುವಿಕೆಯನ್ನು ನಿಲ್ಲಿಸುವ ಆಯ್ಕೆ ಇರಲಿಲ್ಲ. ಹಾಗಾಗಿ ನಾನು ಅಲ್ಲಿ ಓಡುವುದನ್ನೇ ಕಡಿಮೆ ಮಾಡಿದೆ.

ಸುರುಳಿ ಮೆಟ್ಟಿಲು ಈಗಲೂ ನನಗೆ ಸುಲಭವಲ್ಲ. ಅಲ್ಲಿ ಏರುವುದು, ತಿರುಗುವುದು, ಗೋಡೆ ಹತ್ತಿರವಿರುವುದು ಮೂರೂ ಒಟ್ಟಿಗೆ ಸೇರುತ್ತವೆ. ಹತ್ತಿರದ ಗೋಡೆ ಒಂದು ಹೆಜ್ಜೆಗೇ ಪರದೆಯ ಅರ್ಧದಷ್ಟು ಸರಿದುಬಿಡುತ್ತದೆ, ಅದನ್ನು ಯಾವ ಕೋನವೂ ತಡೆಯುವುದಿಲ್ಲ. ನಾನು ಮೆಟ್ಟಿಲ ಒಳ ಕಂಬದ ಬದಲು ಹೊರ ಗೋಡೆಯ ಕಡೆ ನಡೆಯುತ್ತೇನೆ, ಮೂರು ಮೆಟ್ಟಿಲು ನೇರ ಹತ್ತಿ, ನಿಂತು, ಆಮೇಲೆ ತಿರುಗುತ್ತೇನೆ. ಮೇಲಿನ ಕೋಣೆ ತಲುಪಲು ತಮ್ಮನಿಗಿಂತ ಅರ್ಧ ನಿಮಿಷ ಹೆಚ್ಚು ಬೇಕಾಗುತ್ತದೆ. ಕಳೆದ ವಾರ ಹತ್ತಿದಾಗ ಆಕಳಿಕೆ ಬರಲಿಲ್ಲ.